aˣ ಮತ್ತು logₐ x ಇವುಗಳ ಅವಕಲನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಮತ್ತು ಘಟ್ಟದ ಮೇಲಿನ ಶಿರಸಿಯ ಕಡೆಯಿಂದ ಪಾಠಕ್ಕೆ ಬರುವ ದ್ವಿತೀಯ ಪಿಯು ವಿದ್ಯಾರ್ಥಿಗಳು ಈ ಎರಡು ಸೂತ್ರಗಳ ಬಗ್ಗೆ ವರ್ಷ ವರ್ಷವೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. eˣ ನ ಅವಕಲನ eˣ ಎಂಬುದೂ, ಸ್ವಾಭಾವಿಕ ಲಘುಗಣಕದ ಅವಕಲನ 1/x ಎಂಬುದೂ ಓದುಗರಿಗೆ ಗೊತ್ತಿದೆ ಎಂದು ಭಾವಿಸಿ ಮುಂದೆ ಹೋಗಿದ್ದೇನೆ. ಪುಟದುದ್ದಕ್ಕೂ ln ಎಂದರೆ e ಆಧಾರದ ಲಘುಗಣಕ. ಬೇರೆ ಆಧಾರವಿದ್ದಾಗ ಅದನ್ನು ಕೆಳಗೆ ಸಣ್ಣದಾಗಿ ಬರೆದಿದ್ದೇನೆ.

xⁿ ನ ಅವಕಲನ n·xⁿ⁻¹ ಆಗುವುದಾದರೆ, 2ˣ ನ ಅವಕಲನ x·2ˣ⁻¹ ಏಕೆ ಆಗುವುದಿಲ್ಲ?

ಎರಡೂ ಕಡೆ ಒಂದು ಸಂಖ್ಯೆಯ ತಲೆಯ ಮೇಲೆ ಇನ್ನೊಂದು ಸಂಖ್ಯೆ ಕುಳಿತಿರುವುದರಿಂದ ನೋಟಕ್ಕೆ ಒಂದೇ ತೆರ ಕಾಣುತ್ತದೆ, ಆದರೆ ಅಲುಗುತ್ತಿರುವುದು ಯಾವುದು ಎಂಬುದು ಬೇರೆ. xⁿ ನಲ್ಲಿ ಕೆಳಗಿನ ಆಧಾರ ಬದಲಾಗುತ್ತದೆ, ಘಾತಾಂಕ ನಿಂತಿರುತ್ತದೆ; 2ˣ ನಲ್ಲಿ ಆಧಾರ ನಿಂತಿದ್ದು ಘಾತಾಂಕ ಬದಲಾಗುತ್ತದೆ. ಘಾತ ನಿಯಮವನ್ನು ಸಾಧಿಸಿದ್ದು ಮೊದಲನೆಯ ಸ್ಥಿತಿಗೆ ಮಾತ್ರ.

ನಂಬಿಕೆ ಬಾರದಿದ್ದರೆ x = 0 ಹಾಕಿ ನೋಡಬಹುದು. x·2ˣ⁻¹ ಸರಿ ಎಂದಾದರೆ ಅಲ್ಲಿ ಇಳಿಜಾರು ಸೊನ್ನೆ, ಅಂದರೆ ವಕ್ರರೇಖೆ ಆ ಬಿಂದುವಿನಲ್ಲಿ ಮಟ್ಟಸವಾಗಿರಬೇಕು. ಆದರೆ 2 ರ ಘಾತ 0.001 ಎಂದರೆ ಸುಮಾರು 1.000693, ಇದರಲ್ಲಿ 1 ನ್ನು ಕಳೆದು 0.001 ರಿಂದ ಭಾಗಿಸಿದರೆ 0.693 ಬರುತ್ತದೆ. ರೇಖೆ ಏರುತ್ತಲೇ ಇದೆ. ಈ 0.693 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ aˣ ನ ಅವಕಲನವನ್ನು eˣ ನಿಂದ ಪಡೆಯುವುದು ಹೇಗೆ?

ಇಡೀ ಕೆಲಸ ಒಂದೇ ಒಂದು ಬದಲಾವಣೆಯಲ್ಲಿದೆ. a ಧನ ಸಂಖ್ಯೆಯಾಗಿದ್ದರೆ ಅದನ್ನು e ಯ ಯಾವುದೋ ಒಂದು ಘಾತವಾಗಿ ಬರೆಯಬಹುದು, ಮತ್ತು ಆ ಘಾತಾಂಕಕ್ಕೇ ln a ಎಂದು ಹೆಸರು. ಆದ್ದರಿಂದ a ಇದ್ದಲ್ಲಿ e ಯ ಘಾತ ln a ಎಂದು ಬರೆದು ಇಡೀ ಪದವನ್ನು x ಘಾತಕ್ಕೆ ಏರಿಸಿದರೆ ಹೀಗಾಗುತ್ತದೆ:

```
a^x = (e^(ln a))^x = e^(x · ln a)
```

ಇಲ್ಲಿ ln a ಒಂದು ಸ್ಥಿರ ಸಂಖ್ಯೆ ಮಾತ್ರ. a ಯು 2 ಆಗಿದ್ದರೆ ಅದು 0.6931, 10 ಆಗಿದ್ದರೆ 2.3026. ಹಾಗಾಗಿ x · ln a ಎಂಬುದು 5x ಅಥವಾ 7x ಇದ್ದ ಹಾಗೆಯೇ, ಅದರ ಅವಕಲನ ln a. ತರಗತಿಯಲ್ಲಿ ಎಲ್ಲರೂ ಚೈನ್ ರೂಲ್ ಎಂದೇ ಕರೆಯುವ ಸರಪಳಿ ನಿಯಮದಂತೆ ಹೊರಗಿನ e ಘಾತವನ್ನು ಹಾಗೆಯೇ ಉಳಿಸಿ, ಒಳಗಿನದರ ಅವಕಲನದಿಂದ ಗುಣಿಸುತ್ತೇವೆ:

```
d/dx a^x = e^(x · ln a) · ln a = a^x · ln a
```

ಕೊನೆಯ ಹೆಜ್ಜೆಯಲ್ಲಿ e ಯ ಘಾತವನ್ನು ಮತ್ತೆ aˣ ಎಂದು ಮರಳಿ ಬರೆದಿದ್ದೇವೆ. ಕೆಲವರು ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಉತ್ತರ ತಪ್ಪಲ್ಲ, ಆದರೆ ಬಂದ ದಾರಿ ಮುಚ್ಚಿಹೋಗುತ್ತದೆ. a ಜಾಗದಲ್ಲಿ e ಯನ್ನೇ ಇಟ್ಟರೆ ln e = 1 ಆಗಿ ನಮಗೆ ಮೊದಲೇ ಗೊತ್ತಿದ್ದ ಸೂತ್ರ ಸಿಗುತ್ತದೆ; ಬರೆದದ್ದು ಸರಿಯೇ ಎಂದು ನೋಡಿಕೊಳ್ಳಲು ಇದಕ್ಕಿಂತ ಬೇಗನೆಯ ಪರೀಕ್ಷೆ ಇಲ್ಲ.

ಬಡ್ಡಿ 8,000 ರೂಪಾಯಿ ಆದರೆ ಅವಕಲನ 7,696 ಎಂದು ಬರುತ್ತದೆ. ಯಾವುದು ಸರಿ?

ಈ ಪ್ರಶ್ನೆಯನ್ನು ಕೇಳಿದವಳು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯ ಒಬ್ಬ ಹುಡುಗಿ. "ಸರ್, ಅಪ್ಪಯ್ಯ ಚಾಲಿ ಮಾರಿದ ದುಡ್ಡಲ್ಲಿ ಒಂದು ಲಕ್ಷ ಠೇವಣಿ ಇಟ್ಟಿದ್ದಾರೆ. ಶೇಕಡ 8 ಅಂದರೆ ವರ್ಷಕ್ಕೆ ಎಂಟು ಸಾವಿರ. ನಿಮ್ಮ ಸೂತ್ರ ಮುನ್ನೂರು ರೂಪಾಯಿ ನುಂಗಿತಲ್ಲ?" ಎಂದಳು. ನನಗೆ ಬಂದ ಪ್ರಶ್ನೆಗಳಲ್ಲಿ ಇದು ಅತ್ಯುತ್ತಮವಾದವುಗಳಲ್ಲಿ ಒಂದು, ಆದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ವರ್ಷಕ್ಕೆ ಶೇಕಡ 8 ರಂತೆ ಚಕ್ರಬಡ್ಡಿ ಸೇರುವ ಠೇವಣಿಯ ಮೊತ್ತ t ವರ್ಷಗಳ ನಂತರ ಹೀಗಿರುತ್ತದೆ ಎಂದಿಟ್ಟುಕೊಳ್ಳೋಣ:

```
M(t) = 100000 · (1.08)^t
```

ವಾಸ್ತವದಲ್ಲಿ ಸೊಸೈಟಿಯವರು ಬಡ್ಡಿಯನ್ನು ನಿಗದಿತ ದಿನಗಳಲ್ಲಿ ಮಾತ್ರ ಖಾತೆಗೆ ಸೇರಿಸುತ್ತಾರೆ, ಕ್ಷಣಕ್ಷಣಕ್ಕೂ ಅಲ್ಲ. ನಾವು ಆ ಮೆಟ್ಟಿಲುಗಳ ಬದಲಿಗೆ ಅದೇ ಬಿಂದುಗಳ ಮೂಲಕ ಹಾಯುವ ನಯವಾದ ವಕ್ರರೇಖೆಯನ್ನು ತೆಗೆದುಕೊಂಡಿದ್ದೇವೆ. ಅವಕಲನ ಎಂಬ ಮಾತಿಗೆ ಅರ್ಥ ಬರುವುದು ಅದರ ಮೇಲೆ ಮಾತ್ರ. ಈಗ ಸೂತ್ರವನ್ನು ಹಚ್ಚಿದರೆ M ನ ಅವಕಲನ 100000 · (1.08)ᵗ · ln 1.08. ಇಲ್ಲಿ ln 1.08 ನ ಬೆಲೆ 0.07696. ಆದ್ದರಿಂದ ಠೇವಣಿ ಇಟ್ಟ ಕ್ಷಣದಲ್ಲಿ, ಅಂದರೆ t = 0 ಆಗಿದ್ದಾಗ, ಮೊತ್ತ ಬೆಳೆಯುವ ವೇಗ ವರ್ಷಕ್ಕೆ 7,696 ರೂಪಾಯಿ. ದಿನದ ಲೆಕ್ಕದಲ್ಲಿ ಅದು ಸುಮಾರು 21 ರೂಪಾಯಿ 9 ಪೈಸೆ.

ವರ್ಷ ತುಂಬುವ ಹೊತ್ತಿಗೆ ಮೊತ್ತ 1,08,000 ಆಗಿರುತ್ತದೆ, ವೇಗವೂ 1.08 ಪಟ್ಟು ಹೆಚ್ಚಿ ವರ್ಷಕ್ಕೆ 8,312 ರೂಪಾಯಿ, ದಿನಕ್ಕೆ 22 ರೂಪಾಯಿ 77 ಪೈಸೆಯಾಗಿರುತ್ತದೆ. ಮೊದಲು 8,000 ಕ್ಕಿಂತ ಕಡಿಮೆ, ಕೊನೆಗೆ 8,000 ಕ್ಕಿಂತ ಹೆಚ್ಚು. ನಡುವೆ ಎಲ್ಲೋ ಒಂದು ಕ್ಷಣದಲ್ಲಿ ವೇಗ ಸರಿಯಾಗಿ 8,000 ಆಗಿರಲೇಬೇಕು, ಲೆಕ್ಕ ಹಾಕಿದರೆ ಅದು t = 0.503 ರಲ್ಲಿ, ಅಂದರೆ ಆರು ತಿಂಗಳು ಕಳೆದ ಮೇಲಿನ ಮೊದಲ ಒಂದೆರಡು ದಿನಗಳಲ್ಲಿ ಬರುತ್ತದೆ. ಹೀಗಾಗಿ 8,000 ಎಂಬುದು ಇಡೀ ವರ್ಷದ ಸರಾಸರಿ ವೇಗ, 7,696 ಎಂಬುದು ಮೊದಲ ಕ್ಷಣದ ವೇಗ. ಎರಡೂ ಸರಿ, ಅಪ್ಪಯ್ಯನ ದುಡ್ಡು ಎಲ್ಲಿಯೂ ಹೋಗಿಲ್ಲ.

ಇದರಿಂದ ln a ಎಂಬ ಗುಣಕ ಏನನ್ನು ಹೇಳುತ್ತದೆ ಎಂಬುದೂ ಕಾಣುತ್ತದೆ. aˣ ಎಂಬ ಫಲನ ಯಾವ ಕ್ಷಣದಲ್ಲೂ ತನ್ನ ಆ ಕ್ಷಣದ ಬೆಲೆಯ ಒಂದು ನಿಶ್ಚಿತ ಭಾಗದಷ್ಟು ವೇಗದಲ್ಲಿ ಬೆಳೆಯುತ್ತದೆ, ಮತ್ತು ಆ ಭಾಗವೇ ln a. ವರ್ಷಕ್ಕೊಮ್ಮೆ ಎಣಿಸುವ ಶೇಕಡ 8 ಕ್ಕೂ, ಕ್ಷಣಕ್ಷಣಕ್ಕೂ ಎಣಿಸುವ ಶೇಕಡ 7.696 ಕ್ಕೂ ವರ್ಷದ ಕೊನೆಗೆ ಬರುವ ಮೊತ್ತ ಒಂದೇ. ಕಾಲವನ್ನು ವರ್ಷದ ಬದಲು ತಿಂಗಳಲ್ಲಿ ಎಣಿಸಿದರೆ ಘಾತಾಂಕ m/12 ಆಗುತ್ತದೆ, ಸರಪಳಿ ನಿಯಮದಿಂದ 12 ಛೇದಕ್ಕೆ ಬರುತ್ತದೆ, ಆರಂಭದ ವೇಗ ತಿಂಗಳಿಗೆ 641 ರೂಪಾಯಿ 34 ಪೈಸೆ ಎಂದಾಗುತ್ತದೆ. ಆ 12 ನ್ನು ಮರೆತು ತಿಂಗಳಿಗೆ 7,696 ಎಂದು ಬರೆದ ಉತ್ತರ ಪತ್ರಿಕೆಗಳನ್ನೂ ನಾನು ತಿದ್ದಿದ್ದೇನೆ. ಅಂಥ ಬಡ್ಡಿ ಎಲ್ಲಾದರೂ ಸಿಗುವುದಿದ್ದರೆ ಪಾಠ ಹೇಳುವುದನ್ನು ಬಿಟ್ಟು ಅಲ್ಲಿಗೇ ಹೋಗುತ್ತಿದ್ದೆ.

ln a ಎಂಬ ಸ್ಥಿರಾಂಕ ಮೂಲ ವ್ಯಾಖ್ಯೆಯಿಂದಲೇ ಬರುತ್ತದೆಯೇ, ಅಥವಾ e ಯನ್ನು ತಂದದ್ದರಿಂದ ಬಂತೇ?

ಮೂಲ ವ್ಯಾಖ್ಯೆಯಿಂದಲೇ ಬರುತ್ತದೆ. x ಗೆ h ನಷ್ಟು ಸೇರಿಸಿ ವ್ಯತ್ಯಾಸವನ್ನು h ನಿಂದ ಭಾಗಿಸಿದಾಗ aˣ ಸಾಮಾನ್ಯ ಅಪವರ್ತನವಾಗಿ ಹೊರಗೆ ಬಂದು ಹೀಗೆ ಉಳಿಯುತ್ತದೆ:

```
(a^(x+h) − a^x) / h = a^x · (a^h − 1) / h
```

ಬಲಗಡೆಯ ಎರಡನೆಯ ಅಂಶದಲ್ಲಿ x ಇಲ್ಲವೇ ಇಲ್ಲ, ಅದು a ಯನ್ನು ಮಾತ್ರ ಅವಲಂಬಿಸಿದೆ. h ಸೊನ್ನೆಯತ್ತ ಹೋದಂತೆ ಅದು ಯಾವ ಸಂಖ್ಯೆಯನ್ನು ಸಮೀಪಿಸುತ್ತದೆ ಎಂಬುದಷ್ಟೇ ಪ್ರಶ್ನೆ. a = 2 ಇಟ್ಟು h ಗೆ 0.1, 0.01, 0.001 ಹಾಕಿದರೆ 0.7177, 0.6956, 0.6934 ಬರುತ್ತವೆ, ಸಮೀಪಿಸುತ್ತಿರುವುದು 0.6931 ನ್ನು. a = 3 ಇಟ್ಟರೆ ಅದು 1.0986 ನ್ನು ಸಮೀಪಿಸುತ್ತದೆ. ಒಂದು 1 ಕ್ಕಿಂತ ಕಡಿಮೆ, ಇನ್ನೊಂದು 1 ಕ್ಕಿಂತ ಹೆಚ್ಚು. ಹಾಗಾದರೆ 2 ಮತ್ತು 3 ರ ನಡುವೆ ಈ ಸಂಖ್ಯೆ ಸರಿಯಾಗಿ 1 ಆಗುವ ಒಂದು ಆಧಾರ ಇರಬೇಕಲ್ಲವೇ? ಅದೇ e, ಬೆಲೆ 2.71828 ರ ಆಸುಪಾಸು. e ಯನ್ನು ಸ್ವಾಭಾವಿಕ ಆಧಾರ ಎನ್ನುವುದು ಈ ಕಾರಣಕ್ಕೆ: ಅದೊಂದಕ್ಕೆ ಮಾತ್ರ ಮುಂದೆ ಗುಣಕವನ್ನು ಬರೆಯಬೇಕಾಗಿಲ್ಲ.

aˣ ಅನ್ನು e ಯ ಘಾತವಾಗಿ ಬರೆಯುವುದು ಸುತ್ತಿ ಸುತ್ತಿ ಅಲ್ಲಿಗೇ ಬಂದಂತಲ್ಲವೇ ಎಂದು ಜಾಣ ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲ. 2 ರ ಘಾತ 3 ಎಂದರೆ ಎರಡನ್ನು ಮೂರು ಸಲ ಗುಣಿಸುವುದು, ಸರಿ. ಆದರೆ 2 ರ ಘಾತ √2 ಎಂದರೆ ಏನನ್ನು ಎಷ್ಟು ಸಲ ಗುಣಿಸುವುದು? ಅಪರಿಮೇಯ ಘಾತಾಂಕಗಳಿಗೆ ಅರ್ಥ ಕೊಡಲು ಇರುವ ನಿರಾಯಾಸದ ದಾರಿಯೇ e ಯ ಘಾತ x · ln a ಎಂಬುದನ್ನು aˣ ನ ವ್ಯಾಖ್ಯೆಯಾಗಿ ತೆಗೆದುಕೊಳ್ಳುವುದು. ln ಅನ್ನು 1/t ವಕ್ರರೇಖೆಯ ಕೆಳಗಿನ ಕ್ಷೇತ್ರಫಲವಾಗಿ ಮೊದಲು ಕಟ್ಟಿ, ಅದರ ವಿಲೋಮವಾಗಿ eˣ ಅನ್ನು ಪಡೆದು, ಆಮೇಲೆ aˣ ಗೆ ಬಂದರೆ ಎಲ್ಲಿಯೂ ಸುತ್ತು ಬೀಳುವುದಿಲ್ಲ.

logₐ x ನ ಅವಕಲನವನ್ನು ಪಡೆಯುವುದು ಹೇಗೆ? ಅಲ್ಲಿ ln a ಗುಣಿಸುತ್ತದೆ, ಇಲ್ಲಿ ಏಕೆ ಭಾಗಿಸುತ್ತದೆ?

y = logₐ x ಎಂದರೆ a ಯ ಘಾತ y ಎಂಬುದು x ಗೆ ಸಮ ಎಂದು ಅರ್ಥ. ಎರಡೂ ಬದಿಗೆ ಸ್ವಾಭಾವಿಕ ಲಾಗ್ ತೆಗೆದುಕೊಂಡರೆ y · ln a = ln x ಆಗುತ್ತದೆ. ಅಂದರೆ ಯಾವುದೇ ಆಧಾರದ ಲಾಗ್ ಎಂದರೆ ಸ್ವಾಭಾವಿಕ ಲಾಗನ್ನು ಒಂದು ಸ್ಥಿರ ಸಂಖ್ಯೆಯಿಂದ ಭಾಗಿಸಿದ್ದು, ಅಷ್ಟೇ:

```
log_a x = ln x / ln a
d/dx log_a x = 1 / (x · ln a)
```

ಇಲ್ಲಿ ಸರಪಳಿ ನಿಯಮವೂ ಬೇಡ, ಭಾಗಾಕಾರದ ನಿಯಮವೂ ಬೇಡ. ln a ಸ್ಥಿರಾಂಕವಾದ್ದರಿಂದ ಅದು ಛೇದದಲ್ಲಿ ಸುಮ್ಮನೆ ಕುಳಿತಿರುತ್ತದೆ, ln x ನ ಅವಕಲನ 1/x ಮಾತ್ರ ಹೊಸದಾಗಿ ಬರುತ್ತದೆ. ಇದಕ್ಕೆ ಭಾಗಾಕಾರದ ನಿಯಮವನ್ನು ಪೂರ್ತಿ ಹಚ್ಚಿ, ln a ನ ಅವಕಲನ 1/a ಎಂದು ಬರೆದು ಅರ್ಧ ಪುಟ ತುಂಬಿಸುವವರಿದ್ದಾರೆ. a ಚಲಿಸುವುದಿಲ್ಲ, ಆದ್ದರಿಂದ ಅದರ ಲಾಗಿನ ಅವಕಲನ ಸೊನ್ನೆ.

ಗುಣಿಸುವುದು ಮತ್ತು ಭಾಗಿಸುವುದರ ರಹಸ್ಯ ಇವೆರಡೂ ಪರಸ್ಪರ ವಿಲೋಮ ಫಲನಗಳು ಎಂಬುದರಲ್ಲಿದೆ. ಒಂದರ ನಕ್ಷೆಯನ್ನು y = x ರೇಖೆಯ ಮೇಲೆ ಮಡಿಚಿದರೆ ಇನ್ನೊಂದು ಸಿಗುತ್ತದೆ; ಮಡಿಚಿದಾಗ ಅಡ್ಡ ಉದ್ದವಾಗಿ, ಉದ್ದ ಅಡ್ಡವಾಗಿ, ಇಳಿಜಾರು ತಲೆಕೆಳಗಾಗುತ್ತದೆ. ಒಂದು ಜೋಡಿಯನ್ನು ನೋಡಿ. 2ˣ ನ ನಕ್ಷೆಯಲ್ಲಿ x = 3 ಆದಾಗ ಬೆಲೆ 8, ಇಳಿಜಾರು 8 · ln 2, ಅಂದರೆ 5.545. ಅದರ ಪ್ರತಿಬಿಂಬವಾದ log₂ x ನ ನಕ್ಷೆಯಲ್ಲಿ x = 8 ಆದಾಗ ಬೆಲೆ 3, ಇಳಿಜಾರು 1/(8 · ln 2), ಅಂದರೆ 0.1803. ಎರಡನ್ನೂ ಗುಣಿಸಿದರೆ 1. ಎರಡು ಸೂತ್ರಗಳಲ್ಲಿ ಯಾವುದಕ್ಕೆ ಮೇಲೆ, ಯಾವುದಕ್ಕೆ ಕೆಳಗೆ ಎಂದು ಪರೀಕ್ಷೆಯ ಹೊತ್ತಿನಲ್ಲಿ ಗೊಂದಲವಾದರೆ ಈ ಗುಣಾಕಾರವನ್ನು ಮಾಡಿ ನೋಡಿದರೆ ಸಾಕು.

ಲಾಗ್ ಕೋಷ್ಟಕದ ಬಲಗಡೆಯಲ್ಲಿರುವ ಸರಾಸರಿ ವ್ಯತ್ಯಾಸಗಳಿಗೂ ಈ ಅವಕಲನಕ್ಕೂ ಸಂಬಂಧವಿದೆಯೇ?

ಇದೆ, ಮತ್ತು ನನ್ನ ದೃಷ್ಟಿಯಲ್ಲಿ logₐ x ನ ಅವಕಲನವನ್ನು ಕಣ್ಣಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬಳಸುವ ಆ ತೆಳು ಪುಸ್ತಕವನ್ನು ತೆರೆದಿಟ್ಟುಕೊಂಡೇ ಇದನ್ನು ಓದಿ. ಆ ಕೋಷ್ಟಕ 10 ನ್ನು ಆಧಾರವಾಗಿ ಇಟ್ಟುಕೊಂಡದ್ದು. ಇಂಥ ಕೋಷ್ಟಕವನ್ನು ಮೊದಲು ಅಚ್ಚು ಹಾಕಿಸಿದವರು ಹೆನ್ರಿ ಬ್ರಿಗ್ಸ್, 1617 ರಲ್ಲಿ.

ಆಧಾರ 10 ಆದ್ದರಿಂದ ಅವಕಲನ 1/(x · ln 10). ln 10 ಎಂದರೆ 2.3026, ಅದರ ವ್ಯುತ್ಕ್ರಮ 0.4343. ಹೀಗಾಗಿ ಅವಕಲನವನ್ನು 0.4343/x ಎಂದು ಬರೆದುಕೊಳ್ಳಬಹುದು. ರಸಾಯನಶಾಸ್ತ್ರದ ಮೊದಲ ದರ್ಜೆಯ ಕ್ರಿಯೆಯ ಸೂತ್ರದಲ್ಲಿ ಎಲ್ಲಿಂದಲೋ ಉದುರಿಬಿದ್ದಂತೆ ಕಾಣುವ 2.303 ಕೂಡ ಇದೇ ln 10, ಬೇರೇನೂ ಅಲ್ಲ.

ಈಗ 20 ಎಂಬ ಸಾಲಿಗೆ ಬನ್ನಿ. ಅದು 2.00 ರಿಂದ 2.09 ರವರೆಗಿನ ಸಂಖ್ಯೆಗಳ ಸಾಲು. ಬಲಗಡೆಯ ಒಂಬತ್ತು ಸಣ್ಣ ಸಂಖ್ಯೆಗಳು 2, 4, 6, 8, 11, 13, 15, 17, 19 ಎಂದಿರುತ್ತವೆ. ಇವು ಎಲ್ಲಿಂದ ಬಂದವು? ಸಾಲಿನ ನಡುವಿನ ಬಿಂದು 2.05, ಅಲ್ಲಿ ಇಳಿಜಾರು 0.4343/2.05, ಅಂದರೆ 0.2119. x ನಲ್ಲಿ 0.001 ಹೆಚ್ಚಿದರೆ ಲಾಗ್ ಸುಮಾರು 0.000212 ಹೆಚ್ಚುತ್ತದೆ, ನಾಲ್ಕನೆಯ ದಶಮಾಂಶ ಸ್ಥಾನವನ್ನು ಒಂದು ಎಂದು ಎಣಿಸಿದರೆ ಅದು 2.12. ಇದನ್ನೇ ಒಂದರಿಂದ ಒಂಬತ್ತರವರೆಗೆ ಗುಣಿಸುತ್ತಾ ಹೋಗಿ ಪೂರ್ಣಾಂಕಕ್ಕೆ ತನ್ನಿ: 2.1 ಎಂಬುದು 2 ಆಗುತ್ತದೆ, 4.2 ಎಂಬುದು 4, ಐದನೆಯದು 10.6 ಆಗಿ 11, ಏಳನೆಯದು 14.8 ಆಗಿ 15, ಒಂಬತ್ತನೆಯದು 19.1 ಆಗಿ 19. ಕೋಷ್ಟಕದಲ್ಲಿ ಅಚ್ಚಾಗಿರುವುದು ಇವೇ. log 2.047 ಬೇಕಾದರೆ 2.04 ರ ಎದುರಿನ 0.3096 ಕ್ಕೆ ಏಳರ ಕೆಳಗಿನ 15 ನ್ನು ಸೇರಿಸಿ 0.3111 ಎನ್ನುತ್ತೀರಿ. ನೀವು ಮಾಡಿದ್ದು ಸ್ಪರ್ಶಕದ ಮೇಲೆ ಒಂದು ಸಣ್ಣ ನಡಿಗೆ.

ಕೆಳಗಿಳಿದು 80 ರ ಸಾಲನ್ನು ನೋಡಿದರೆ ಬಲಗಡೆಯಲ್ಲಿ 1, 1, 2, 2, 3, 3, 4, 4, 5 ಮಾತ್ರ ಕಾಣುತ್ತವೆ. x ನಾಲ್ಕು ಪಟ್ಟು ಹೆಚ್ಚಿದ್ದರಿಂದ ಇಳಿಜಾರು ನಾಲ್ಕನೇ ಒಂದಕ್ಕೆ ಇಳಿದಿದೆ: 19 ಇದ್ದಲ್ಲಿ 5. ಛೇದದಲ್ಲಿರುವ x ನ ಕೆಲಸ ಇಲ್ಲಿ ಅಂಕಿಗಳಲ್ಲೇ ಕಾಣಿಸುತ್ತದೆ.

ಈ ವಿಧಾನದ ಮಿತಿಯೂ ಅದೇ ಪುಟದಲ್ಲಿದೆ. ಹಲವು ಕೋಷ್ಟಕಗಳಲ್ಲಿ 10 ರಿಂದ 19 ರವರೆಗಿನ ಸಾಲುಗಳ ವ್ಯತ್ಯಾಸಗಳನ್ನು ಎರಡೆರಡು ಸಾಲುಗಳಾಗಿ ಒಡೆದು ಕೊಟ್ಟಿರುತ್ತಾರೆ. ಯಾವ ಅರ್ಧದಲ್ಲಿ ಯಾವುದನ್ನು ಬಳಸಬೇಕೆಂದು ತಿಳಿಯದೆ ವಿದ್ಯಾರ್ಥಿಗಳು ಸಿಡಿಮಿಡಿಗೊಳ್ಳುವುದನ್ನು ನೋಡಿದ್ದೇನೆ. ಕಾರಣ ಇಷ್ಟೇ: x = 1.00 ರಲ್ಲಿ ಇಳಿಜಾರು 0.4343, x = 1.10 ರಲ್ಲಿ 0.3948. ಒಂದೇ ಸಾಲಿನೊಳಗೆ ಇಳಿಜಾರು ಇಷ್ಟು ಕುಸಿಯುವಾಗ ಇಡೀ ಸಾಲಿಗೆ ಒಂದೇ ಸರಾಸರಿ ಇಟ್ಟರೆ ಕೊನೆಯ ಅಂಕಿಯಲ್ಲಿ ತಪ್ಪು ಬೀಳುತ್ತದೆ. 80 ರ ಸಾಲಿನಲ್ಲಿ ಆ ಭಯವಿಲ್ಲ, ಅಲ್ಲಿ ವಕ್ರರೇಖೆ ಹೆಚ್ಚುಕಡಿಮೆ ಸರಳರೇಖೆಯಂತೆಯೇ ಇರುತ್ತದೆ.

ಪಠ್ಯಪುಸ್ತಕದಲ್ಲಿ log a ಎಂದಿದೆ, ಇಲ್ಲಿ ln a ಎಂದಿದೆ. ಕ್ಯಾಲ್ಕುಲೇಟರಿನಲ್ಲಿ ಯಾವ ಗುಂಡಿ ಒತ್ತಬೇಕು?

ದ್ವಿತೀಯ ಪಿಯು ಗಣಿತದಲ್ಲಿ ಬಳಸುವ ಎನ್‌ಸಿಇಆರ್‌ಟಿ ಪಠ್ಯಪುಸ್ತಕದಲ್ಲಿ ಅವಕಲನದ ಅಧ್ಯಾಯದಲ್ಲಿ ಆಧಾರವಿಲ್ಲದೆ log ಎಂದು ಬರೆದರೆ ಅದು e ಆಧಾರದ್ದು. ಕ್ಯಾಲ್ಕುಲೇಟರಿನ log ಗುಂಡಿ 10 ಆಧಾರದ್ದು, ನಮಗೆ ಬೇಕಾದದ್ದು ln ಗುಂಡಿ. ಒಂದೇ ಹೆಸರಿಗೆ ಎರಡು ಅರ್ಥ ಇರುವುದು ಕಿರಿಕಿರಿಯೇ, ಆದರೆ ಅದು ಹೋಗುವ ಲಕ್ಷಣ ಕಾಣುವುದಿಲ್ಲ.

ತಪ್ಪು ಗುಂಡಿ ಒತ್ತಿದ್ದನ್ನು ಕಂಡುಹಿಡಿಯುವ ಬಗೆಯೊಂದಿದೆ. 5ˣ ನ ಇಳಿಜಾರನ್ನು x = 2 ರಲ್ಲಿ ಕೇಳಿದ್ದಾರೆ ಎನ್ನೋಣ. ಒಬ್ಬ ವಿದ್ಯಾರ್ಥಿ 25 ನ್ನು log ಗುಂಡಿಯಿಂದ ಬಂದ 0.699 ರಿಂದ ಗುಣಿಸಿ 17.47 ಎಂದು ಬರೆದ. ಈಗ ನೋಡಿ: x ಒಂದರಿಂದ ಎರಡಕ್ಕೆ ಹೋಗುವಾಗ 5ˣ ಐದರಿಂದ ಇಪ್ಪತ್ತೈದಕ್ಕೆ ಏರುತ್ತದೆ, ಸರಾಸರಿ ಇಳಿಜಾರು 20. ಎರಡರಿಂದ ಮೂರಕ್ಕೆ ಹೋಗುವಾಗ ಸರಾಸರಿ 100. ವಕ್ರರೇಖೆ ಮುಂದೆ ಹೋದಂತೆ ಕಡಿದಾಗುತ್ತಲೇ ಇರುವುದರಿಂದ ಎರಡರ ಬಳಿಯ ಇಳಿಜಾರು 20 ಕ್ಕೂ 100 ಕ್ಕೂ ನಡುವೆ ಇರಲೇಬೇಕು. 17.47 ಆ ಬೇಲಿಯ ಹೊರಗಿದೆ. ಸರಿಯಾದ ಉತ್ತರ 25 ನ್ನು ln 5 ಆದ 1.6094 ರಿಂದ ಗುಣಿಸಿದ 40.24. ಆ ಹುಡುಗನನ್ನು ದೂರುವ ಹಾಗೂ ಇಲ್ಲ. ಒಮ್ಮೆ ಕರೆಂಟು ಹೋದ ಮಳೆಗಾಲದ ಮಧ್ಯಾಹ್ನ, ಮಬ್ಬು ಬೆಳಕಿನಲ್ಲಿ ಲಾಗ್ ಕೋಷ್ಟಕ ನೋಡಿ ನಾನೇ ಹಲಗೆಯ ಮೇಲೆ 0.699 ಬರೆದು, ಅದು ln 2 ರ ಹತ್ತಿರದ ಸಂಖ್ಯೆಯಾದ್ದರಿಂದ ಎಷ್ಟೋ ಹೊತ್ತು ತಪ್ಪನ್ನು ಗಮನಿಸದೆ ಮುಂದುವರಿದಿದ್ದೆ.

a ಯು 1 ಕ್ಕಿಂತ ಚಿಕ್ಕದಾಗಿದ್ದರೆ, 1 ಆಗಿದ್ದರೆ, ಋಣವಾಗಿದ್ದರೆ?

1 ಕ್ಕಿಂತ ಚಿಕ್ಕ ಧನ ಸಂಖ್ಯೆಯಾದರೆ ಸೂತ್ರ ಹಾಗೆಯೇ ನಡೆಯುತ್ತದೆ, ಋಣ ಚಿಹ್ನೆಯನ್ನು ನಾವು ಕೈಯಾರೆ ಹಾಕಬೇಕಾಗಿಲ್ಲ. ln (1/2) ಎಂದರೆ −0.6931, ಆದ್ದರಿಂದ (1/2)ˣ ನ ಅವಕಲನ ತಾನಾಗಿಯೇ ಋಣವಾಗುತ್ತದೆ, ವಕ್ರರೇಖೆ ಇಳಿಯುತ್ತದೆ. ಲಾಗಿನಲ್ಲೂ ಹಾಗೆಯೇ.

a = 1 ಆದರೆ 1ˣ ಯಾವಾಗಲೂ 1, ಅವಕಲನ ಸೊನ್ನೆ; ಸೂತ್ರವೂ ln 1 = 0 ಎಂದು ಅದನ್ನೇ ಹೇಳುತ್ತದೆ. ಆದರೆ 1 ನ್ನು ಲಾಗಿನ ಆಧಾರವಾಗಿ ಇಡಲಾಗದು, ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಋಣ ಆಧಾರಕ್ಕೆ ನೈಜ ಸಂಖ್ಯೆಗಳಲ್ಲಿ ln ಇಲ್ಲ. (−2) ರ ಘಾತ 1/2 ಎಂಬುದೇ ನೈಜ ಸಂಖ್ಯೆಯಲ್ಲದಿರುವಾಗ ಅಲ್ಲಿ ವಕ್ರರೇಖೆಯೂ ಇಲ್ಲ, ಇಳಿಜಾರೂ ಇಲ್ಲ.

x ಜಾಗದಲ್ಲಿ ಬೇರೆ ಫಲನವಿದ್ದಾಗ ಎಲ್ಲಿ ಎಡವುತ್ತಾರೆ?

ಘಾತಾಂಕದಲ್ಲಿ x² ಇದ್ದರೆ, ಅಂದರೆ 2 ರ ಘಾತ x² ಆಗಿದ್ದರೆ, ಸರಪಳಿಯಲ್ಲಿ ಮೂರು ಕೊಂಡಿಗಳು ಬರುತ್ತವೆ: ಮೂಲ ಪದ ಹಾಗೆಯೇ, ಆಧಾರದಿಂದ ಬರುವ ln 2, ಘಾತಾಂಕದಿಂದ ಬರುವ 2x. ಸಾಮಾನ್ಯವಾಗಿ ಬಿಟ್ಟುಹೋಗುವುದು ನಡುವಿನದು.

log₃ (5x) ನಲ್ಲಿ ಬೇರೆಯದೇ ತೊಡಕು. ಸರಪಳಿ ನಿಯಮ ಹಚ್ಚಿದರೆ 5/(5x · ln 3) ಬಂದು 5 ಕಳೆದುಹೋಗಿ 1/(x · ln 3) ಉಳಿಯುತ್ತದೆ. "5 ಎಲ್ಲಿಗೆ ಹೋಯಿತು?" ಎಂದು ಅನುಮಾನಿಸಿ ಅದನ್ನು ಮತ್ತೆ ತಂದು ಸೇರಿಸುವವರಿದ್ದಾರೆ. log₃ (5x) ಎಂದರೆ log₃ 5 + log₃ x, ಮೊದಲನೆಯದು ಸ್ಥಿರಾಂಕ. ನಕ್ಷೆ ಮೇಲಕ್ಕೆ ಸರಿದಿದೆ ಹೊರತು ಅದರ ಇಳಿಜಾರು ಬದಲಾಗಿಲ್ಲ.

xˣ ಗೆ ಇದರಲ್ಲಿ ಯಾವ ಸೂತ್ರ? log ನ ಆಧಾರದಲ್ಲೇ x ಇದ್ದರೆ?

ಎರಡಕ್ಕೂ ಮೇಲಿನ ಸೂತ್ರಗಳು ನೇರವಾಗಿ ಸಲ್ಲುವುದಿಲ್ಲ, ಏಕೆಂದರೆ ಅವುಗಳನ್ನು ಪಡೆಯುವಾಗ a ನಿಂತಿದೆ ಎಂದು ಹಿಡಿದಿದ್ದೆವು. ಆದರೆ ಸೂತ್ರ ಸಲ್ಲದಿದ್ದರೂ ಅದನ್ನು ಪಡೆದ ದಾರಿ ಸಲ್ಲುತ್ತದೆ. xˣ ಅನ್ನು e ಯ ಘಾತ x · ln x ಎಂದು ಬರೆಯಿರಿ. ಈಗ ಘಾತಾಂಕ ಎರಡು ಫಲನಗಳ ಗುಣಲಬ್ಧವಾದ್ದರಿಂದ ಅದರ ಅವಕಲನ ln x + 1, ಉತ್ತರ:

```
d/dx x^x = x^x · (1 + ln x)
```

ಇದನ್ನು ಒಡೆದು ನೋಡಿದರೆ ಒಂದು ಸೊಗಸು ಕಾಣುತ್ತದೆ. ಆಧಾರ ನಿಂತಿದೆ ಎಂದು ತಿಳಿದು aˣ ಸೂತ್ರ ಹಚ್ಚಿದರೆ xˣ · ln x ಬರುತ್ತಿತ್ತು. ಘಾತಾಂಕ ನಿಂತಿದೆ ಎಂದು ತಿಳಿದು ಘಾತ ನಿಯಮ ಹಚ್ಚಿದರೆ x · xˣ⁻¹, ಅಂದರೆ xˣ ಬರುತ್ತಿತ್ತು. ಒಂಟಿಯಾಗಿ ಎರಡೂ ತಪ್ಪು, ಕೂಡಿಸಿದರೆ ಸರಿ.

logₓ 2 ಅನ್ನು ln 2 / ln x ಎಂದು ಬರೆದರೆ ಈ ಸಲ ಅಂಶ ನಿಂತಿದ್ದು ಛೇದ ಚಲಿಸುತ್ತದೆ, ಆದ್ದರಿಂದ ಅವಕಲನ −ln 2 / (x · (ln x)²). ಇಲ್ಲಿ x ಧನವಾಗಿರಬೇಕು, 1 ಆಗಿರಬಾರದು. x = 2 ಇಟ್ಟರೆ −1/(2 · ln 2), ಅಂದರೆ −0.7213. ಇದೇ ಬಿಂದುವಿನಲ್ಲಿ log₂ x ನ ಇಳಿಜಾರು +0.7213, logₓ 2 ಎಂಬುದು log₂ x ನ ವ್ಯುತ್ಕ್ರಮವಾಗಿದ್ದು ಎರಡೂ ಅಲ್ಲಿ 1 ರ ಮೂಲಕ ಹಾಯುವುದರಿಂದ ಒಂದು ಏರಿದಷ್ಟೇ ಇನ್ನೊಂದು ಇಳಿಯುತ್ತದೆ.